ನಾಲ್ಕೂವರೆ ಎಕರೆ ಜಾತ್ರೆ ಬಯಲಿನಲ್ಲಿ ಎಷ್ಟು ಜನ ನಿಲ್ಲಬಹುದು?

ಕೇಳಿದವರು, ಶಹಾಪುರ ಕಡೆ

ಜಾತ್ರಾ ಕಮಿಟಿಯಲ್ಲಿ ಈ ಸಲ ಕಾಗದಪತ್ರದ ಕೆಲಸ ನನಗೆ ಬಂದಿದೆ. ತೇರು ಎಳೆಯುವ ಬಯಲಿನಲ್ಲಿ ಒಂದೇ ಹೊತ್ತಿಗೆ ಎಷ್ಟು ಜನ ನಿಲ್ಲಬಹುದು ಅಂತ ಲೆಕ್ಕ ಬರೆದು ಕೊಡಿ ಎಂದು ಠಾಣೆಯಲ್ಲಿ ಕೇಳಿದ್ದಾರೆ. ಪಹಣಿ ಪ್ರಕಾರ ಜಾಗ 4 ಎಕರೆ 20 ಗುಂಟೆ. ಹಿರಿಯರು 70 ಸಾವಿರ ಅಂತ ಬರಿ ಅನ್ನುತ್ತಾರೆ. ಇಂಥ ಲೆಕ್ಕ ಮಾಡಿದವರು ಯಾರಾದರೂ ಇದ್ದರೆ ಹೇಳಿ.

ಎಂಜಿನಿಯರಿಂಗ್ ಓದುತ್ತಿರುವವನು, ಕಲಬುರಗಿ

ಅಣ್ಣಾ, ಒಂದು ಎಕರೆ ಅಂದರೆ 4,047 ಚದರ ಮೀಟರ್. ನಿಮ್ಮದು ಸುಮಾರು 18,210 ಆಗುತ್ತದೆ. ಒಂದು ಚದರ ಮೀಟರಿಗೆ 4 ಜನ ನಿಲ್ಲಬಹುದು ಅಂತ ನಾನು ಓದಿದ್ದೇನೆ. ಗುಣಿಸಿದರೆ 72,840. ನಿಮ್ಮ ಹಿರಿಯರು ಹೇಳಿದ್ದು ಸರಿಯಾಗೇ ಇದೆ. ನಮ್ಮ ಜಾತ್ರೆಗಳಲ್ಲಿ 6 ಜನ ಕೂಡ ನಿಂತಿರುತ್ತಾರೆ, ಅದಕ್ಕೆ 70 ಸಾವಿರ ಜಾಸ್ತಿ ಏನಲ್ಲ.

ದಾಸೋಹದ ಅಡುಗೆ ನೋಡಿಕೊಳ್ಳುವವರು, ಹುಮನಾಬಾದ್ ಕಡೆ

ಜನ ಲೆಕ್ಕ ಹಾಕೋಕೆ ಬಯಲು ಯಾಕೆ ಅಳೀಬೇಕು? ನಾವು ಅಕ್ಕಿ ಲೆಕ್ಕ ಇಡುತ್ತೇವೆ. ಒಂದು ಕ್ವಿಂಟಲ್ ಅಕ್ಕಿಗೆ ಎಷ್ಟು ಜನ ಉಂಡರು ಅಂತ ಗೊತ್ತಿರುತ್ತದೆ, ಅದರ ಜೊತೆ ಎಲೆಯ ಕಟ್ಟು ಎಷ್ಟು ಖರ್ಚಾಯಿತು ಅಂತ ನೋಡಿದರೆ ಸಾಕು. ಮುಂಜಾನೆ 10ರಿಂದ ರಾತ್ರಿ 11ರವರೆಗೆ ಪಂಕ್ತಿ ನಡೆಯುತ್ತದೆ. ಹೋದ ವರ್ಷ ನಮ್ಮಲ್ಲಿ ಹುಗ್ಗಿ ಎರಡು ಸಲ ಮಾಡಬೇಕಾಯಿತು. ನಿಮ್ಮ ಕಮಿಟಿಯಲ್ಲೂ ಆ ಲೆಕ್ಕ ಇರಬೇಕಲ್ಲ, ಅದನ್ನೇ ಬರೆದು ಕೊಡಿ.

ಸರ್ವೆ ಕೆಲಸದಿಂದ ನಿವೃತ್ತರು, ಕಲಬುರಗಿ

ಅಡುಗೆಯವರು ಹೇಳಿದ್ದು ಇಡೀ ದಿನ ಬಂದು ಹೋದವರ ಲೆಕ್ಕ. ಠಾಣೆಯವರಿಗೆ ಬೇಕಿರುವುದು ಸಂಜೆ ತೇರು ಎಳೆಯುವ ಆ ಅರ್ಧ ಗಂಟೆಯಲ್ಲಿ ಒಟ್ಟಿಗೆ ನಿಂತವರ ಲೆಕ್ಕ. ಹಿರಿಯರ 70 ಸಾವಿರ ಇಡೀ ದಿನದ್ದೇ ಇರಬಹುದು. ಎರಡನ್ನೂ ಬೇರೆ ಬೇರೆ ಬರೆಯಿರಿ.

ತಮ್ಮಾ, ನೀನು ಹೇಳಿದ 4 ಎಲ್ಲಿಂದ ಬಂತು ಅಂತ ತಿಳಿದುಕೋ. ಬ್ರಿಟನ್ನಿನ ಕ್ರೀಡಾಂಗಣಗಳಿಗೆ ಗ್ರೀನ್ ಗೈಡ್ ಅಂತ ಒಂದು ನಿಯಮ ಪುಸ್ತಕ ಇದೆ. ನಿಂತು ಆಟ ನೋಡುವ ಕಟ್ಟೆಗಳಲ್ಲಿ 10 ಚದರ ಮೀಟರಿಗೆ ಹೆಚ್ಚೆಂದರೆ 47 ಜನ ಅಂತ ಅದರಲ್ಲಿದೆ. ಆ ಕಟ್ಟೆಗೆ ಸಮ ಮೆಟ್ಟಿಲು ಇರುತ್ತವೆ. ನೂಕಿದರೂ ಮುಂದಿನವರ ಮೇಲೆ ಭಾರ ಬೀಳದಂತೆ ಅಲ್ಲಲ್ಲಿ ಕಬ್ಬಿಣದ ಅಡ್ಡಗಂಬ ಇರುತ್ತವೆ. ಅಷ್ಟೆಲ್ಲಾ ಅನುಕೂಲ ಇದ್ದಾಗಿನ ಮೇಲಿನ ಮಿತಿ ಅದು. ನಮ್ಮ ಬಯಲಿನಲ್ಲಿ ಹೆಂಗಸರು ಕೂಸು ಎತ್ತಿಕೊಂಡು ನಿಂತಿರುತ್ತಾರೆ, ತೇರು ಹೊರಟರೆ ಜನ ಅದರ ಜೊತೆಗೇ ಸರಿಯುತ್ತಾರೆ. ನಾನು ಇಂಥ ಕಡೆ 2 ಹಿಡಿಯುತ್ತೇನೆ. 2 ಅಂದರೆ ಕಡಿಮೆ ಅನಿಸಬಹುದು. ಆದರೆ 1960ರ ದಶಕದಲ್ಲಿ ಅಮೆರಿಕದ ಬರ್ಕ್ಲಿಯಲ್ಲಿ ಹರ್ಬರ್ಟ್ ಜೇಕಬ್ಸ್ ಎಂಬ ಪತ್ರಿಕೋದ್ಯಮದ ಮೇಷ್ಟ್ರು ಕಿಟಕಿಯಿಂದ ವಿದ್ಯಾರ್ಥಿಗಳ ಸಭೆ ನೋಡುತ್ತಾ ತಲೆ ಎಣಿಸಿದ್ದರು. ಅಂಗಳದ ನೆಲದಲ್ಲಿ ಚೌಕಗಳಿದ್ದುದರಿಂದ ಎಣಿಸುವುದು ಸುಲಭವಾಯಿತು. ಒತ್ತಾಗಿ ನಿಂತ ಕಡೆ ಒಬ್ಬರಿಗೆ ನಾಲ್ಕೂವರೆ ಚದರ ಅಡಿ, ಸಡಿಲ ಇದ್ದ ಕಡೆ 10 ಚದರ ಅಡಿ ಎಂಬುದು ಅವರ ಲೆಕ್ಕ. ನಾಲ್ಕೂವರೆ ಅಡಿ ಅಂದರೆ ಚದರ ಮೀಟರಿಗೆ ಸುಮಾರು 2.4 ಜನ ಮಾತ್ರ. ನಮ್ಮ ಕಣ್ಣಿಗೆ ಇರುವೆ ಸಾಲಿನಂತೆ ಕಾಣುವ ಗುಂಪು ಕೂಡ ಎಷ್ಟೋ ಸಲ ಅಷ್ಟೇ ಇರುತ್ತದೆ.

ನಮಗೆ ಒಂದು ಅನುಕೂಲ ಇದೆ. ಒಂದು ಗುಂಟೆ ಅಂದರೆ 33 ಅಡಿಗೆ 33 ಅಡಿ, ಹತ್ತಿರ ಹತ್ತಿರ 101 ಚದರ ಮೀಟರ್. ಅಂದರೆ ಗುಂಟೆಗೆ 200 ಜನ. ಕಮಿಟಿಯಲ್ಲಿ ಚದರ ಮೀಟರ್ ಅಂದರೆ ಯಾರಿಗೂ ತಲೆಗೆ ಹೋಗುವುದಿಲ್ಲ, ಗುಂಟೆ ಅಂದರೆ ಎಲ್ಲರಿಗೂ ಗೊತ್ತು.

ಇನ್ನು ಪಹಣಿಯ ಪೂರ್ತಿ ಜಾಗ ಹಿಡಿಯಬೇಡಿ. ಟೇಪು ಹಿಡಿದು ಬಯಲಲ್ಲಿ ಓಡಾಡಿ, ಜನ ನಿಲ್ಲದ ಜಾಗ ಎಷ್ಟು ಅಂತ ನೋಡಿ. ತೇರಿನ ದಾರಿ, ಗುಡಿ, ಕಟ್ಟೆ, ಅಂಗಡಿ, ಗಾಡಿ ಬಿಡುವ ಜಾಗ, ಆಂಬುಲೆನ್ಸ್ ದಾರಿ. ಅಂಗಡಿ ಅಳೆಯುವಾಗ ಅದರ ಮುಂದೆ ಕೊಳ್ಳುವವರು ನಿಲ್ಲುವ ಜಾಗವನ್ನೂ ಸೇರಿಸಿ. ಅಳೆದು ಇಲ್ಲಿ ಬರೆಯಿರಿ, ಒಟ್ಟಿಗೆ ಕೂಡಿಸೋಣ.

ಬಂದೋಬಸ್ತ್ ಕೆಲಸ ಮಾಡಿದ ಮಹಿಳಾ ಪೊಲೀಸ್, ಬೀದರ್

ಚದರ ಮೀಟರಿಗೆ 6 ಜನ ಅಂದ ತಮ್ಮನಿಗೆ ಒಂದು ಮಾತು. ನಾನು ಆ 6ರ ಒಳಗೆ ನಿಂತಿದ್ದೇನೆ. ಊರಿನ ಹೆಸರು ಬೇಡ. ತೇರು ಪಾದಗಟ್ಟೆ ಹತ್ತಿರ ನಿಂತಿತ್ತು, ಹಿಂದಿನವರಿಗೆ ಅದು ಕಾಣಿಸಲಿಲ್ಲ, ಅವರು ಬರುತ್ತಲೇ ಇದ್ದರು. ಮೊದಲು ಕೈ ಮೇಲೆತ್ತಲು ಆಗಲಿಲ್ಲ. ಬೆವರು ಒರೆಸಿಕೊಳ್ಳೋಕೂ ಆಗಲಿಲ್ಲ. ಆಮೇಲೆ ನಾನು ಕಾಲಿಡದೇ ಎರಡು ಹೆಜ್ಜೆ ಪಕ್ಕಕ್ಕೆ ಹೋದೆ. ಗುಂಪು ಕೆರೆಯ ನೀರಿನಂತೆ ಹೊಯ್ದಾಡುತ್ತಿತ್ತು. ಅಂಥ ಹೊತ್ತಲ್ಲಿ ಜನ ಬಿದ್ದು ತುಳಿತಕ್ಕೆ ಸಿಕ್ಕೇ ಸಾಯಬೇಕೆಂದಿಲ್ಲ. ನಿಂತಲ್ಲೇ ಎದೆ ಒತ್ತಿ ಉಸಿರು ಕಟ್ಟುತ್ತದೆ. ಅವತ್ತು ತೇರಿನ ಹಗ್ಗ ಹಿಡಿದವರು ಹತ್ತು ಮಾರು ಹಿಂದೆ ಸರಿದದ್ದರಿಂದ ಜಾಗ ಆಯಿತು, ಎಲ್ಲರೂ ಉಳಿದೆವು.

ಅದಕ್ಕೇ ಹೇಳುತ್ತೇನೆ, ಇಡೀ ಬಯಲಿಗೆ ಸರಾಸರಿ 2 ಇದ್ದರೂ ತೇರಿನ ಸುತ್ತ 5, 6 ಆಗಿಬಿಡುತ್ತದೆ. ಉತ್ತತ್ತಿ, ಬಾಳೆಹಣ್ಣು ಎಸೆಯಲು ಎಲ್ಲರಿಗೂ ತೇರಿನ ಹತ್ತಿರವೇ ಬರಬೇಕು. ಮೂಲೆಯ ಖಾಲಿ ಜಾಗದಿಂದ ಅವರಿಗೆ ಏನೂ ಉಪಯೋಗ ಇಲ್ಲ. ಸರ್, ನಿಮ್ಮ ಲೆಕ್ಕದಲ್ಲಿ ಇದು ಎಲ್ಲಿ ಬರುತ್ತದೆ?

ಕೇಳಿದವರು, ಶಹಾಪುರ ಕಡೆ

ನಿನ್ನೆ ನಾಲ್ಕು ಜನ ಸೇರಿ ಅಳೆದೆವು. ತೇರಿನ ದಾರಿ ಗುಡಿಯಿಂದ ಪಾದಗಟ್ಟೆಗೆ 130 ಮೀಟರ್. ತೇರು, ಹಗ್ಗ ಎಳೆಯುವವರು, ಎರಡೂ ಕಡೆ ಬಿಡಬೇಕಾದ ಅಂತರ ಸೇರಿ 20 ಮೀಟರ್ ಅಗಲ ಹಿಡಿದೆವು. ಅದೇ 26 ಗುಂಟೆ ಹೋಯಿತು. ಬೆಂಡು ಬತ್ತಾಸು, ಬಳೆ ಅಂಗಡಿಗಳ ಎರಡು ಸಾಲಿಗೆ ಮುಂದಿನ ಜಾಗ ಸೇರಿ 14. ಗುಡಿ, ಕಟ್ಟೆ, ನಾಟಕದ ವೇದಿಕೆಗೆ 12. ಟ್ರ್ಯಾಕ್ಟರ್, ಬೈಕ್ ಬಿಡುವ ಜಾಗ 30. ಆಂಬುಲೆನ್ಸ್ ದಾರಿ 8. ಹಳ್ಳದ ಕಡೆ ಇಳಿಜಾರು ಇದೆ, ಎರೆ ಮಣ್ಣು, ಒಂದು ಮಳೆ ಬಿದ್ದರೆ ಕಾಲು ಹೂಳುತ್ತದೆ. ಅದು 20 ಗುಂಟೆ. ಒಟ್ಟು 110. ನಮ್ಮ 180 ಗುಂಟೆಯಲ್ಲಿ ಉಳಿದದ್ದು 70 ಮಾತ್ರ. ಗುಂಟೆಗೆ 200 ಅಂದರೆ 14 ಸಾವಿರ.

ಕಮಿಟಿಯಲ್ಲಿ ಇದನ್ನು ಹೇಳಿದಾಗ ಎಲ್ಲರೂ ಸುಮ್ಮನಾದರು. ಒಬ್ಬ ಹಿರಿಯರಿಗೆ ಬಹಳ ಬೇಜಾರಾಯಿತು, ದೇವರ ಜಾತ್ರೆ ಸಣ್ಣದು ಅಂತ ಬರೆದಂಗಾಗುತ್ತದೆ ಅಂದರು.

ಸರ್ವೆ ಕೆಲಸದಿಂದ ನಿವೃತ್ತರು, ಕಲಬುರಗಿ

ಚೆನ್ನಾಗಿ ಅಳೆದಿದ್ದೀರಿ. ಹಿರಿಯರಿಗೆ ಹೇಳಿ, ಜಾತ್ರೆ ಎಷ್ಟು ದೊಡ್ಡದು ಅಂತ ಇದರಲ್ಲಿ ಬರೆದಿಲ್ಲ, ಬಯಲು ಎಷ್ಟು ಹೊರುತ್ತದೆ ಅಂತ ಬರೆದಿದೆ. ದಿನವಿಡೀ ಬರುವವರನ್ನು ಬೇರೆ ಸಾಲಿನಲ್ಲಿ ಬರೆಯಿರಿ.

ಆದರೆ 14 ಸಾವಿರ ಅಂತ ಈಗಲೇ ಬರೆಯಬೇಡಿ. ಹೊರಗೆ ಹೋಗುವ ದಾರಿ ಅಳೆದಿಲ್ಲ. 2025ರ ಜೂನ್ 4ರಂದು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದ ಹತ್ತಿರ 11 ಜನ ತೀರಿಕೊಂಡರು. ಒಳಗೆ ಆಸನದ ಮೇಲೆ ಕೂತವರಿಗಲ್ಲ, ಗೇಟಿನ ಹತ್ತಿರ ಹೊರಗೆ ಒತ್ತಿಕೊಂಡವರಿಗೆ ಆದದ್ದು ಅದು. ಒಳಗಿನ ಜಾಗ ಎಷ್ಟೇ ಇರಲಿ, ಬಾಗಿಲು ತನ್ನ ಲೆಕ್ಕವನ್ನೇ ಹೇಳುತ್ತದೆ.

ನಿಮ್ಮ ದಾರಿಗಳ ಅಗಲ ಎಷ್ಟು? ಮೂಲ ಅಗಲ ಬೇಡ. ಜಾತ್ರೆ ದಿನ ಅಂಗಡಿ ಹಾಕಿದ ಮೇಲೆ ಉಳಿಯುವುದು ಹೇಳಿ. ಆ ದಾರಿ ಮುಂದೆ ಎಲ್ಲಾದರೂ ಇಕ್ಕಟ್ಟಾಗಿದ್ದರೆ ಅಲ್ಲಿಯ ಅಗಲ ಹೇಳಿ.

ಕೇಳಿದವರು, ಶಹಾಪುರ ಕಡೆ

ಮೂರು ದಾರಿ. ದೊಡ್ಡದು 6 ಮೀಟರ್ ಇದೆ, ಬಳೆ ಅಂಗಡಿ ಬಂದರೆ 4 ಉಳಿಯುತ್ತದೆ. ಊರೊಳಗಿನದು 2, ಹಳ್ಳದ ಪಕ್ಕದ್ದು 2. ಒಟ್ಟು 8.

ಸರ್ವೆ ಕೆಲಸದಿಂದ ನಿವೃತ್ತರು, ಕಲಬುರಗಿ

ಅದೇ ಗ್ರೀನ್ ಗೈಡ್ ಪ್ರಕಾರ ಸಮತಟ್ಟು ನೆಲದಲ್ಲಿ ಒಂದು ಮೀಟರ್ ಅಗಲದ ದಾರಿಯಿಂದ ನಿಮಿಷಕ್ಕೆ 82 ಜನ ಹೊರಗೆ ಹೋಗಬಹುದು. ಅದು ಸಿಮೆಂಟಿನ ನೆಲ, ಬೆಳಕು ಇರುವ ಜಾಗ. ಕಲ್ಲು ಮಣ್ಣಿನ ದಾರಿ, ಕತ್ತಲೆ, ಮುದುಕರು, ಮಕ್ಕಳು ಅಂತ ನೋಡಿ ನಾನು 50 ಹಿಡಿಯುತ್ತೇನೆ. ಈ 50 ನನ್ನ ಅಂದಾಜು, ಪುಸ್ತಕದ್ದಲ್ಲ. ಗುಡುಗು ಮಳೆ ಬಂತು ಅಥವಾ ಅಂಗಡಿಗೆ ಬೆಂಕಿ ಹತ್ತಿತು ಅಂದುಕೊಳ್ಳಿ, 10 ನಿಮಿಷದಲ್ಲಿ ಬಯಲು ಖಾಲಿ ಆಗಬೇಕು. 8 ಮೀಟರ್, ನಿಮಿಷಕ್ಕೆ 50, 10 ನಿಮಿಷ. 4 ಸಾವಿರ ಜನ ಅಷ್ಟೇ. ಜಾಗದ ಲೆಕ್ಕ 14 ಸಾವಿರ, ದಾರಿಯ ಲೆಕ್ಕ 4 ಸಾವಿರ. ಎರಡರಲ್ಲಿ ಚಿಕ್ಕದು ಯಾವುದೋ ಅದೇ ನಿಮ್ಮ ಬಯಲಿನ ಲೆಕ್ಕ.

ಗಾಬರಿ ಆಗಬೇಡಿ. ಪಕ್ಕದಲ್ಲಿ ಯಾರ ಹೊಲ ಇದೆ? ತೊಗರಿ ರಾಶಿ ಆಗಿದ್ದರೆ ಕೇಳಿ ನೋಡಿ. 14 ಸಾವಿರಕ್ಕೆ 28 ಮೀಟರ್ ದಾರಿ ಬೇಕು. ಇನ್ನೂ 20 ಮೀಟರ್ ಬೇಲಿ ತೆಗೆದು ಹೊಲಕ್ಕೆ ಬಿಟ್ಟರೆ ಆಗುತ್ತದೆ. ಕೂಳೆ ಕಿತ್ತು ನೆಲ ಸಮ ಮಾಡಬೇಕು, ಇಲ್ಲವಾದರೆ ಕತ್ತಲಲ್ಲಿ ಕಾಲಿಗೆ ಚುಚ್ಚಿ ಜನ ಬೀಳುತ್ತಾರೆ. ಅಲ್ಲಿ ಬಾವಿ ಇದ್ದರೆ ಆ ಕಡೆ ಬೇಡವೇ ಬೇಡ.

ಅಕ್ಕಾವ್ರ ಪ್ರಶ್ನೆಗೆ ನನ್ನ ಲೆಕ್ಕದಲ್ಲಿ ಪೂರ್ತಿ ಉತ್ತರ ಇಲ್ಲ. ಸರಾಸರಿ ಹಿಡಿದು ಮಾಡಿದ ಲೆಕ್ಕ ತೇರಿನ ಸುತ್ತಲಿನ ಒತ್ತಡ ತೋರಿಸುವುದಿಲ್ಲ. ಒಂದು ಕೆಲಸ ಮಾಡಬಹುದು. ಪಾದಗಟ್ಟೆ ಮುಂದೆ ಸುಣ್ಣದ ಪುಡಿಯಿಂದ 33 ಅಡಿಯ ಚೌಕ ಹಾಕಿ, ನಾಲ್ಕು ಮೂಲೆಗೆ ಬಣ್ಣದ ಬಾವುಟ ನಿಲ್ಲಿಸಿ. ಗುಡಿ ಮಾಳಿಗೆಯಿಂದ ಐದು ನಿಮಿಷಕ್ಕೊಮ್ಮೆ ಒಂದು ಫೋಟೋ ತೆಗೆದು ಆ ಚೌಕದ ತಲೆ ಎಣಿಸಿ. 200 ಇದ್ದರೆ ಸರಿ. 300 ದಾಟಿದರೆ ಹಿಂದಿನಿಂದ ಬರುವವರನ್ನು ತಡೆಯಬೇಕು. 400ಕ್ಕೆ ಕಾಯಬಾರದು.

ಎಂಜಿನಿಯರಿಂಗ್ ಓದುತ್ತಿರುವವನು, ಕಲಬುರಗಿ

ಸರ್, ನಾನು ಹಾಸ್ಟೆಲ್ ಅಂಗಳದಲ್ಲಿ ಒಂದು ಮೀಟರ್ ಚೌಕ ಬರೆದು ಗೆಳೆಯರನ್ನು ನಿಲ್ಲಿಸಿದೆ. 4 ಜನಕ್ಕೆ ಭುಜ ತಾಗಿತು. 6 ಜನ ನಿಂತಾಗ ಒಬ್ಬನಿಗೂ ಜೇಬಿನಿಂದ ಮೊಬೈಲ್ ತೆಗೆಯಲು ಆಗಲಿಲ್ಲ. ನಾನು ಬರೆದದ್ದು ತಪ್ಪು. ಆದರೂ ಒಂದು ಪ್ರಶ್ನೆ. ತೇರು ಮುಂದೆ ಹೋದ ಮೇಲೆ ಅದರ ಹಿಂದಿನ ದಾರಿ ಖಾಲಿ ಇರುತ್ತದೆ, ಜನ ಅಲ್ಲಿಗೆ ತುಂಬುತ್ತಾರೆ. ಆ 26 ಗುಂಟೆಯಲ್ಲಿ ಅರ್ಧವಾದರೂ ಲೆಕ್ಕಕ್ಕೆ ತೆಗೆದುಕೊಳ್ಳಬಹುದಲ್ವಾ?

ಬಂದೋಬಸ್ತ್ ಕೆಲಸ ಮಾಡಿದ ಮಹಿಳಾ ಪೊಲೀಸ್, ಬೀದರ್

ಬೇಡ ತಮ್ಮಾ. ತೇರು ಪಾದಗಟ್ಟೆಯಿಂದ ವಾಪಸ್ ಬರುತ್ತದೆ. ಅವತ್ತು ನಾನು ಸಿಕ್ಕಿಕೊಂಡಾಗ ಹಗ್ಗ ಹಿಡಿದವರು ಹಿಂದೆ ಸರಿಯಲು ಜಾಗ ಇದ್ದದ್ದರಿಂದಲೇ ನಾವು ಉಳಿದದ್ದು.

ಸರ್ವೆ ಕೆಲಸದಿಂದ ನಿವೃತ್ತರು, ಕಲಬುರಗಿ

ಹಿಂದೆ ಬೇರೆ ಎರಡು ಕಡೆ ಲೆಕ್ಕ ಮಾಡುವಾಗ ನಾನು ತೇರಿನ ದಾರಿಯ ಕಾಲು ಭಾಗವನ್ನು ಜನ ನಿಲ್ಲುವ ಜಾಗ ಅಂತ ಹಿಡಿದಿದ್ದೆ. ಅಕ್ಕಾವ್ರ ಮಾತು ಕೇಳಿದ ಮೇಲೆ ಅದು ಸರಿಯಿತ್ತೋ ಇಲ್ಲವೋ ಅಂತ ಯೋಚನೆ ಬಂದಿದೆ.

ಕೇಳಿದವರು, ಶಹಾಪುರ ಕಡೆ

ಹೊಲದವರು ಒಪ್ಪಿದ್ದಾರೆ. ತೊಗರಿ ರಾಶಿ ಮುಗಿದಿದೆ, ಬಾವಿ ಆಚೆ ಮಗ್ಗುಲಿಗಿದೆ. ಆದರೆ ನಡುವೆ ಒಂದು ಬದು ಇರುವುದರಿಂದ 20 ಮೀಟರ್ ಸಿಗುವುದಿಲ್ಲ, 14 ಮಾತ್ರ. ಬಳೆ ಅಂಗಡಿಗಳನ್ನು ದೊಡ್ಡ ದಾರಿಯಿಂದ ಎಬ್ಬಿಸಿದರೆ ಇನ್ನು 2 ಬರುತ್ತದೆ. ಒಟ್ಟು 24 ಮೀಟರ್, ಅಂದರೆ 12 ಸಾವಿರ. ಅರ್ಜಿಯಲ್ಲಿ ಅದನ್ನೇ ಬರೆಯುತ್ತೇನೆ. ಬಳೆಯವರಿಗೆ ಬೇರೆ ಜಾಗ ಎಲ್ಲಿ ಕೊಡುವುದು ಅಂತ ನಾಳೆ ಕಮಿಟಿಯಲ್ಲಿ ಕೂರಬೇಕು.