ಸಿನ್ಸ್, ಫಾರ್ ಮತ್ತು ಐದು ಗಂಟೆಯ ಬಸ್ಸು: ಮೊಬೈಲ್ ಗುಂಪಿನಲ್ಲಿ ಇಂಗ್ಲಿಷ್ ಟೀಚರ್ ಜೊತೆ ಪ್ರಶ್ನೋತ್ತರ

ಮಂಜೇಶ್ವರ: ನಮಸ್ಕಾರ ಟೀಚರ್. ಮಗ ಎಂಟನೇ ಕ್ಲಾಸು, ಕನ್ನಡ ಮಾಧ್ಯಮ. ‘ಅಂಕಿ ಇದ್ದರೆ ಫಾರ್, ಇಲ್ಲದಿದ್ದರೆ ಸಿನ್ಸ್’ ಅಂತ ಒಂದು ವಿಡಿಯೊ ನೋಡಿ ‘ಫಾರ್ 2019’ ಎಂದು ಬರೆದಿದ್ದಾನೆ. ತಪ್ಪು ಹಾಕಿದ್ದಾರೆ. ಯಾಕೆ?

ಟೀಚರ್: ಮೊದಲು ಆ ವಿಡಿಯೊ ಅಳಿಸಿ. 2019 ಅಂಕಿಯೇ, ಆದರೆ ಅದು ಶುರುವಾದ ಕಾಲ. ಅದಕ್ಕೆ ಸಿನ್ಸ್. ‘ಫಾರ್ ಎ ಲಾಂಗ್ ಟೈಮ್’ ಅನ್ನುವಾಗ ಅಂಕಿ ಎಲ್ಲಿದೆ? ನಮ್ಮ ಮಕ್ಕಳು ಎಡವುವುದು ‘ಇಂದ’ದಲ್ಲಿ. 2019ರಿಂದ, ಮೂರು ವರ್ಷದಿಂದ, ಎರಡಕ್ಕೂ ನಮಗೆ ಒಂದೇ. ಕ್ಯಾಲೆಂಡರಿನಲ್ಲೋ ಗಡಿಯಾರದಲ್ಲೋ ಬೆರಳಿಟ್ಟು ತೋರಿಸಬಹುದಾದರೆ ಸಿನ್ಸ್. ಎಷ್ಟು ಕಾಲ ಅಂತ ಅಳೆಯುವುದಾದರೆ ಫಾರ್.

ಬದಿಯಡ್ಕ: ನಾನು ಟ್ಯೂಷನ್ ಮಕ್ಕಳಿಗೆ ವಿಡಿಯೊ ಮಾಡುತ್ತೇನೆ. ‘ಯಾವಾಗಿನಿಂದ’ ಅಂದರೆ ಸಿನ್ಸ್, ‘ಎಷ್ಟು ಹೊತ್ತಿನಿಂದ’ ಅಂದರೆ ಫಾರ್ ಅಂತ ಹೇಳಿಕೊಡುತ್ತೇನೆ. ಸರಿ ಅಲ್ವಾ?

ಟೀಚರ್: ಅರ್ಧ ಸರಿ. ‘ಯಾವಾಗಿನಿಂದ ಜ್ವರ?’ ಅಂದರೆ ‘ಮೂರು ದಿನದಿಂದ’ ಅನ್ನುತ್ತೇವೆ. ನಿಮ್ಮ ಲೆಕ್ಕದಲ್ಲಿ ಅದು ಸಿನ್ಸ್ ಆಗಿಬಿಡುತ್ತದೆ. ಉತ್ತರ ನೋಡಲು ಹೇಳಿ, ಪ್ರಶ್ನೆಯನ್ನಲ್ಲ.

ಕುಂಬಳೆ: ದೆನ್, ದ್ಯಾನ್ ವ್ಯತ್ಯಾಸ ಹೇಳಿ.

ಟೀಚರ್: ಹೇಳಿಯಾಗಿದೆ. ಮೇಲೆ ಹುಡುಕಿ.

ಬದಿಯಡ್ಕ: ‘ಐದು ಗಂಟೆಯಿಂದ ಬಸ್ಸಿಗೆ ಕಾಯುತ್ತಿದ್ದೇನೆ’ ಇದಕ್ಕೆ ಯಾವುದು ಅಂತ ಒಬ್ಬಳು ಕೇಳಿದಳು. ನಾನು ಸಿಕ್ಕಿಬಿದ್ದೆ.

ಟೀಚರ್: ಹುಡುಗಿ ಜಾಣೆ. ಆ ಕನ್ನಡ ವಾಕ್ಯಕ್ಕೇ ಎರಡು ಅರ್ಥ ಇದೆ. ಸಂಜೆ ಐದಕ್ಕೆ ಬಂದು ನಿಂತಿದ್ದರೆ ‘ಸಿನ್ಸ್ ಫೈವ್ ಓ ಕ್ಲಾಕ್’. ಮಧ್ಯಾಹ್ನದಿಂದ ನಿಂತು ಐದು ಗಂಟೆ ಹೊತ್ತು ಕಳೆದಿದ್ದರೆ ‘ಫಾರ್ ಫೈವ್ ಅವರ್ಸ್’. ಯಾವ ಟ್ರಿಕ್ಕೂ ಇದನ್ನು ಬಿಡಿಸದು, ಎಷ್ಟಕ್ಕೆ ಬಂದೆ ಅಂತ ಅವಳನ್ನೇ ಕೇಳಬೇಕು. ಮಲಯಾಳದಲ್ಲಿ ಈ ತೊಂದರೆ ಇಲ್ಲ. ‘ಅಂಜು ಮಣಿ ಮುದಲ್’ ಅಂದರೆ ಸಿನ್ಸ್, ‘ಅಂಜು ಮಣಿಕ್ಕೂರಾಯಿ’ ಅಂದರೆ ಫಾರ್. ನಮ್ಮ ಕಾಸರಗೋಡಿನ ಮಕ್ಕಳಿಗೆ ಅದೂ ಬರುತ್ತದೆ, ಬಳಸಿಕೊಳ್ಳಿ.

ನಿಮ್ಮ ಒಂದು ನಿಮಿಷದ ವಿಡಿಯೊಗೆ ಈ ವಾಕ್ಯ ಒಂದೇ ಸಾಕು. ವಾಕ್ಯ ತೋರಿಸಿ ಐದು ಸೆಕೆಂಡು ಸುಮ್ನೆ ಇರಿ, ಮಕ್ಕಳು ಉತ್ತರ ಹೇಳಲಿ. ಆಮೇಲೆ ಗಡಿಯಾರ ತೋರಿಸಿ. ಇಂಗ್ಲಿಷಿನಲ್ಲಿ ‘ಐ ಆ್ಯಮ್ ವೇಟಿಂಗ್’ ಅಂತ ಬರೆಸಬೇಡಿ. ಸಿನ್ಸ್ ಇರಲಿ ಫಾರ್ ಇರಲಿ, ಇನ್ನೂ ಕಾಯುತ್ತಿದ್ದರೆ ‘ಐ ಹ್ಯಾವ್ ಬೀನ್ ವೇಟಿಂಗ್’. ಅದನ್ನು ವಿವರಿಸುವುದು ಬೇರೆ ವಿಡಿಯೊದಲ್ಲಿ.

ಉಪ್ಪಳ: ಕನ್ನಡ ಮಕ್ಕಳಿಗೆ ಇಂಗ್ಲಿಷ್ ಕಲಿಸಲು ಮಲಯಾಳ ಯಾಕೆ ಟೀಚರೇ? ಹೀಗೇ ಅಲ್ವಾ ನಮ್ಮ ಕನ್ನಡ ಶಾಲೆಗಳು ಇಲ್ಲವಾಗುವುದು?

ಬದಿಯಡ್ಕ: ನೀವು ಮೀನು ಮಾರ್ಕೆಟ್ಟಿನಲ್ಲಿ ಯಾವ ಭಾಷೆ ಮಾತಾಡುತ್ತೀರಿ?

ಉಪ್ಪಳ: ಮಾರ್ಕೆಟ್ ಬೇರೆ, ಶಾಲೆ ಬೇರೆ.

ಅಕ್ಕಲಕೋಟೆ: ಜಗಳ ಯಾಕ್ರೀ? ನಮ್ಮ ಕಡೆ ‘ಐದು ತಾಸಿನಿಂದ’ ಅಂತೀವಿ. ಗೊಂದಲಾನೇ ಇಲ್ಲ.

ಟೀಚರ್: ತಾಸು ಚೆನ್ನಾಗಿದೆ. ಬದಿಯಡ್ಕದವರೇ, ಅದನ್ನೂ ಹಾಕಿ. ಉಳಿದ ಜಗಳ ಬೇರೆ ಗುಂಪಿನಲ್ಲಿ.

ಕುಂಬಳೆ: ದೆನ್, ದ್ಯಾನ್ ಸಿಗಲಿಲ್ಲ. ಬಾರೋ, ಲೆಂಡ್ ಸಹ ಹೇಳಿ.

ಉಪ್ಪಳ: ಫಾರ್ವರ್ಡ್: ‘ಒಂದೇ ನಿಮಿಷದಲ್ಲಿ 100 ಜೋಡಿ ಪದ!’

ಟೀಚರ್: ನಿಮಿಷಕ್ಕೆ 60 ಸೆಕೆಂಡು ಮಾತ್ರ. ಇಂಥದ್ದು ಇನ್ನೊಮ್ಮೆ ಹಾಕಿದರೆ ತೆಗೆದುಬಿಡುತ್ತೇನೆ.

ಮಂಜೇಶ್ವರ: ಮಗ ಕೇಳುತ್ತಿದ್ದಾನೆ, ‘ಸಿನ್ಸ್ ತ್ರೀ ಡೇಸ್’ ಅಂತ ಅವನ ಕ್ಲಾಸ್ ಮಾಷ್ಟ್ರೇ ಹೇಳುತ್ತಾರಂತೆ. ಏನು ಮಾಡುವುದು?