ಅಪ್‌ಡೇಟ್: ಸ್ಕ್ವೇರ್ ರೂಟ್ ಬ್ಲಾಕ್ ಕೋಡ್ ಸರಿಯಾಯ್ತು

ನಾನು ಕೇಳಿದ್ದು: "ರೇಂಜ್‌ಗೆ ಕೂಡಿಸೋದು, ರೇಂಜ್‌ನ ಮೊತ್ತ ಕೇಳೋದು. ಸೆಗ್ಮೆಂಟ್ ಟ್ರೀ ತಲೆಗೆ ಹೋಗ್ತಿಲ್ಲ, ಬ್ಲಾಕ್ ಮಾಡಿದರೆ ಉತ್ತರ ಒಮ್ಮೊಮ್ಮೆ ತಪ್ಪು. ಯಾಕೆ?"

ತಪ್ಪು ಸಿಕ್ಕಿತು. ಉಡುಪಿಯಿಂದ ಮಂಗಳೂರಿಗೆ ಬಸ್ಸಲ್ಲಿ ಬರುವಾಗ ಟಿಕೆಟ್ ಹಿಂದೆ ಬರೆದು ನೋಡಿದೆ. 0 ರಿಂದ 8ರವರೆಗೆ ಒಂಬತ್ತು ಸೊನ್ನೆ, ಮೂರು ಮೂರರ ಬ್ಲಾಕ್. 1 ರಿಂದ 7ಕ್ಕೆ 5 ಕೂಡಿಸಿದೆ. ನಡುವಿನ ಬ್ಲಾಕ್ ಪೂರ್ತಿ ಒಳಗಿದೆ, ಹಾಗಾಗಿ `a[i]` ಮುಟ್ಟದೆ, ಬ್ಲಾಕಿನ ಪ್ರತಿ ಅಂಶಕ್ಕೂ ಕೂಡಿಸಬೇಕಾದ್ದನ್ನು ಒಟ್ಟಿಗೆ ಬರೆದಿಡುವ `lazy`ಗೆ 5, ಬ್ಲಾಕಿನ ಮೊತ್ತ ಇಡುವ `sum`ಗೆ 15. ತುದಿಗಳಲ್ಲಿ `a[i]`ಗೂ `sum`ಗೂ ಕೂಡಿಸಿದೆ.

3 ರಿಂದ 5 ಕೇಳಿದರೆ 15, ಸರಿ. 4 ರಿಂದ 7 ಕೇಳಿದರೆ 20 ಬರಬೇಕು, ಬಂದದ್ದು 10! ಬ್ಲಾಕನ್ನು ಅರ್ಧ ಓದುವಾಗ ನಾನು `a[i]` ಮಾತ್ರ ನೋಡುತ್ತಿದ್ದೆ. 4 ಮತ್ತು 5ರ ಪಾಲು `lazy`ಯಲ್ಲೇ ಉಳಿದಿತ್ತು. `B` ಅಂದರೆ ಒಂದು ಬ್ಲಾಕಿನಲ್ಲಿರುವ ಅಂಶಗಳ ಸಂಖ್ಯೆ. ಬೇಕಿದ್ದದ್ದು ಇಷ್ಟೇ:

```
ans += a[i] + lazy[i / B];
```

ಇನ್ನೊಂದು ಎಡವಟ್ಟು: ಎರಡೂ ತುದಿ ಒಂದೇ ಬ್ಲಾಕಿನಲ್ಲಿದ್ದರೆ ಬೇರೆಯಾಗಿ ನೋಡಬೇಕು. ಇಲ್ಲದಿದ್ದರೆ ಎಡ ತುದಿಯ ಲೂಪ್ ಬ್ಲಾಕಿನ ಕೊನೆಯವರೆಗೂ ಓಡುತ್ತದೆ. ಚಿಕ್ಕ ಅರೇಗಳಲ್ಲಿ ಸಾದಾ ಲೂಪಿನ ಉತ್ತರದ ಜೊತೆ ಹೋಲಿಸಿದಾಗಲೇ ಇದು ಗೊತ್ತಾಗಿದ್ದು.

1 ಲಕ್ಷ ಅಂಶಕ್ಕೆ `B` 316 ಇಟ್ಟೆ. ಒಂದು ಪ್ರಶ್ನೆಗೆ ಹೆಚ್ಚೆಂದರೆ ಸುಮಾರು 950 ಹೆಜ್ಜೆ, 1 ಲಕ್ಷ ಪ್ರಶ್ನೆಗೆ 9.5 ಕೋಟಿ. ಸಿ++ಗೆ ಇದು ಜಾಸ್ತಿ ಅಲ್ಲ, ಪೈಥಾನ್‌ನ ಸಾದಾ ಲೂಪಿಗೆ ಕಷ್ಟ. ಅಂಶ, ಪ್ರಶ್ನೆ ಎರಡೂ 10 ಲಕ್ಷ ಆದರೆ ಮಾತ್ರ ಟ್ರೀ ಕಲಿಯಲೇಬೇಕು, ಅಲ್ವಾ?