ಪಗಾರ ಯಾರ ಕೈಯಲ್ಲಿರಬೇಕು? ಸೊಸೆಯ ಪತ್ರದ ಮೇಲೊಂದು ಚರ್ಚೆ

ಸೇಡಂ_ಶಿಕ್ಷಕಿ: ಅತ್ತೆ-ಮಾವನವರಿಗೆ ಕೊಡಬೇಕೆಂದು ಬರೆದ ಪತ್ರದ ಮುಖ್ಯ ಭಾಗ ಇದು. ಧಾಟಿ ಸರಿಯಿದೆಯೇ?

“ಪೂಜ್ಯ ಅತ್ತೆಯವರಿಗೂ ಮಾವನವರಿಗೂ ನಮಸ್ಕಾರಗಳು. ನನ್ನ 42,000 ರೂಪಾಯಿ ಪಗಾರದಲ್ಲಿ 15,000ವನ್ನು ಪ್ರತಿ ತಿಂಗಳು 3ನೇ ತಾರೀಖಿಗೆ ಮನೆ ಖರ್ಚಿಗೆ ಕೊಡುತ್ತೇನೆ. ಬಿ.ಇಡಿ. ಓದಿನ ಸಾಲಕ್ಕೆ 7,200, ನನ್ನ ತಾಯಿಯ ಔಷಧಕ್ಕೆ 6,000 ಹೋಗುತ್ತದೆ. ಉಳಿದದ್ದನ್ನು ಕೂಡಿಡುತ್ತೇನೆ. ಎಟಿಎಂ ಕಾರ್ಡು ನನ್ನಲ್ಲೇ ಇರಲಿ ಎನ್ನುವುದು ಅವಿಶ್ವಾಸದಿಂದಲ್ಲ.”

ಆಳಂದದ_ಹಿರಿಯ: ಮೂರನೇ ತಾರೀಖಿಗೆ ದುಡ್ಡು ಎಣಿಸಿ ಕೊಡುವುದಕ್ಕೆ ಮನೆಯೇನು ಖಾನಾವಳಿಯೇ, ತಾಯಿ? ತೊಗರಿ ಕೈಕೊಟ್ಟ ವರ್ಷ ಮನೆ ನಡೆಯುವುದು ಒಂದೇ ಗಂಟಿನಿಂದ. ಒಂದೇ ಸೂರಿನಡಿ ಇದ್ದವರು ಪತ್ರ ಬರೆದುಕೊಳ್ಳುವುದನ್ನು ನಾನು ಇದೇ ಮೊದಲು ಕಂಡೆ.

ವಿಮೆ_ಸಲಹೆಗಾರ: ಖಾನಾವಳಿಯ ಮಾತು ಬಿಡಿ. ವಿವಾಹಿತೆಯ ಗಳಿಕೆ ಆಕೆಯ ಪ್ರತ್ಯೇಕ ಆಸ್ತಿ ಎಂದು 1874ರ ವಿವಾಹಿತ ಸ್ತ್ರೀಯರ ಆಸ್ತಿ ಕಾಯ್ದೆಯ 4ನೇ ಕಲಂ ಸ್ಪಷ್ಟವಾಗಿ ಹೇಳುತ್ತದೆ. ಆ ಸಾಲನ್ನು ಪತ್ರದಲ್ಲಿ ಸೇರಿಸಿ, ವಾದವೇ ಮುಗಿಯುತ್ತದೆ.

ಕಲಬುರಗಿ_ವಕೀಲೆ: ದಯವಿಟ್ಟು ಸೇರಿಸಬೇಡಿ. ಮದುವೆಯ ವೇಳೆ ಹೆಂಡತಿಯಾಗಲಿ ಗಂಡನಾಗಲಿ ಹಿಂದೂ ಆಗಿದ್ದರೆ ಆ ಕಾಯ್ದೆ ಅನ್ವಯಿಸದೆಂದು ಅದರ 2ನೇ ಕಲಮೇ ಹೇಳುತ್ತದೆ. ಈ ಮನೆಗೆ ಬೇಕಾದದ್ದು 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ 14ನೇ ಕಲಂ. ಸ್ವಂತ ದುಡಿಮೆಯಿಂದ ಗಳಿಸಿದ್ದಕ್ಕೆ ಹೆಣ್ಣೇ ಪೂರ್ಣ ಒಡತಿ ಎನ್ನುವುದು ಅಲ್ಲಿದೆ.

ವಿಮೆ_ಸಲಹೆಗಾರ: “ಅನ್ವಯಿಸದು” ಎಂದು ಹೇಗೆ ಹೇಳುತ್ತೀರಿ? ಇದೇ ಕಾಯ್ದೆಯಡಿ ಹಿಂದೂ ಗೃಹಸ್ಥರಿಗೆ ನಾನೇ ಪಾಲಿಸಿ ಮಾಡಿಸಿಕೊಟ್ಟಿದ್ದೇನೆ. ಹೆಂಡತಿಯ ಹೆಸರಿಗೆ ಬರೆದ ಆ ಹಣವನ್ನು ಗಂಡನಿಗೆ ಸಾಲ ಕೊಟ್ಟವರೂ ಮುಟ್ಟುವಂತಿಲ್ಲ.

ಕಲಬುರಗಿ_ವಕೀಲೆ: ಅದು 6ನೇ ಕಲಂ, ಗಂಡ ತನ್ನ ಜೀವದ ಮೇಲೆ ಮಾಡಿಸುವ ವಿಮೆಗೆ ಸಂಬಂಧಿಸಿದ್ದು. 1923ರ ತಿದ್ದುಪಡಿ ಅದೊಂದನ್ನು ಹಿಂದೂಗಳಿಗೂ ವಿಸ್ತರಿಸಿತು, ಗಳಿಕೆಯ 4ನೇ ಕಲಮನ್ನಲ್ಲ. ನೀವು ಮಾರುವ ಪಾಲಿಸಿಯ ಕಲಮನ್ನು ಇಡೀ ಕಾಯ್ದೆ ಎಂದುಕೊಂಡಿದ್ದೀರಿ.

ವಿಮೆ_ಸಲಹೆಗಾರ: “ಮಾರುವ” ಎಂಬ ಮಾತು ಅನಗತ್ಯ. ಇಪ್ಪತ್ತು ವರ್ಷದ ಅನುಭವ ನನ್ನದು. ಯಾವ ಕಲಮಾದರೇನು, ಪಗಾರ ಆಕೆಯದೇ ಎಂದು ನೀವೂ ಹೇಳುತ್ತಿದ್ದೀರಲ್ಲ?

ಕಲಬುರಗಿ_ವಕೀಲೆ: ತಪ್ಪು ಕಲಂ ಬರೆದ ಪತ್ರವನ್ನು ಮಾವನವರು ಪರಿಚಯದ ವಕೀಲರಿಗೆ ತೋರಿಸಿದರೆ, ಸರಿಯಿದ್ದ ಮಾತೂ ಅದರೊಂದಿಗೆ ಬಿದ್ದುಹೋಗುತ್ತದೆ.

ಆಳಂದದ_ಹಿರಿಯ: ಕಾಯ್ದೆ ನಮಗೂ ಗೊತ್ತು. ಮುಪ್ಪಿನವರನ್ನು ನೋಡಿಕೊಳ್ಳಲೇಬೇಕೆಂದು 2007ರ ಹಿರಿಯ ನಾಗರಿಕರ ಕಾಯ್ದೆ ಇದೆ. ಅದನ್ನೇಕೆ ಯಾರೂ ಎತ್ತುವುದಿಲ್ಲ?

ಕಲಬುರಗಿ_ವಕೀಲೆ: ಎತ್ತೋಣ, ಅಪ್ಪಾ. ಅದರಲ್ಲಿ ಮಕ್ಕಳೆಂದರೆ ಮಗ, ಮಗಳು, ಮೊಮ್ಮಕ್ಕಳು, ಸೊಸೆಯ ಹೆಸರಿಲ್ಲ. ಆದ್ದರಿಂದ ಆಕೆ ತನ್ನ ತಾಯಿಯ ಔಷಧಕ್ಕೆ ಕೊಡುವ 6,000ವೇ ಕಾಯ್ದೆ ಹೇಳುವ ಕರ್ತವ್ಯ, ಮನೆಗೆ ಕೊಡುವ 15,000 ಆಕೆಯ ಸೌಜನ್ಯ.

ಆಳಂದದ_ಹಿರಿಯ: ಸೌಜನ್ಯವಂತೆ! ಸೊಸೆ ಹಾಕುವ ಅನ್ನ ಸೌಜನ್ಯವಾದರೆ ಅತ್ತೆ ಹಾಕಿದ ಅನ್ನಕ್ಕೂ ರಸೀದಿ ಬರೆಯಬೇಕಾಗುತ್ತದೆ.

ಬೀದರ್_ಮನೆ: ರಸೀದಿಯ ಮಾತು ಬಂದದ್ದರಿಂದ ನನ್ನದನ್ನು ಹೇಳುತ್ತೇನೆ. ಮದುವೆಯಾದ ತಿಂಗಳೇ ಕಾರ್ಡು ಅತ್ತೆಯ ಕೈಗೆ ಹೋಯಿತು, ಒಂಬತ್ತು ವರ್ಷ ಅಲ್ಲೇ ಇತ್ತು. ಆ ಹಣ ಸೇರಿಸಿ ಪ್ಲಾಟು ಕೊಂಡದ್ದು ಮಾವನವರ ಹೆಸರಿಗೆ. ಅಣ್ಣತಮ್ಮಂದಿರು ಬೇರೆಯಾದಾಗ ನನ್ನ ಪಾಸ್‌ಬುಕ್ ತೆರೆದೆ. ಸಾಲುಸಾಲಾಗಿ `ATM WDL` ಎಂದಷ್ಟೇ ಇತ್ತು. ನನ್ನ ಕಾರ್ಡಿನಿಂದ ತೆಗೆದದ್ದು ಎಂದ ಮೇಲೆ ನಾನೇ ತೆಗೆದು ಖರ್ಚು ಮಾಡಿದಂತಾಯಿತು. ಯಾರೂ ನನ್ನನ್ನು ಬೈಯಲಿಲ್ಲ, ಯಾರೂ ನನ್ನ ದುಡ್ಡು ಸೇರಿದೆ ಎಂದೂ ಹೇಳಲಿಲ್ಲ.

ಕಲಬುರಗಿ_ವಕೀಲೆ: ಪತ್ರದಲ್ಲಿ ತಿದ್ದಬೇಕಾದದ್ದು ಇದೇ. 15,000ವನ್ನು ನಗದಾಗಿ ಕೊಡದೆ, ಮಾವನವರ ಖಾತೆಗೆ “ಮನೆ ಖರ್ಚು” ಎಂದು ನಮೂದಿಸಿ ಕಳುಹಿಸಿ. ಇನ್ನೊಂದು, ಕೂಡಿಟ್ಟದ್ದಕ್ಕೆ ಉಯಿಲು ಬರೆದಿಡಿ. ಉಯಿಲಿಲ್ಲದಿದ್ದರೆ, ಮಕ್ಕಳೂ ಗಂಡನೂ ಇಲ್ಲದ ಹೊತ್ತಿನಲ್ಲಿ, ನಿಮ್ಮ ಗಳಿಕೆ ನಿಮ್ಮ ತಾಯಿಗಿಂತ ಮೊದಲು ಗಂಡನ ವಾರಸುದಾರರಿಗೆ ಹೋಗುತ್ತದೆ. ಹಿಂದೂ ಉತ್ತರಾಧಿಕಾರ ಕಾಯ್ದೆಯ 15ನೇ ಕಲಂ ಹಾಗಿದೆ, 2009ರಲ್ಲಿ ಸುಪ್ರೀಂ ಕೋರ್ಟೂ ಹಾಗೆಯೇ ತೀರ್ಪು ಕೊಟ್ಟಿತು. ಬ್ಯಾಂಕಿನಲ್ಲಿ ತಾಯಿಯನ್ನು ನಾಮಿನಿ ಮಾಡಿದರೆ ಸಾಲದು. ನಾಮಿನಿ ಹಣ ಪಡೆಯುತ್ತಾರೆ, ಒಡೆತನ ವಾರಸುದಾರರದು.

ವಿಮೆ_ಸಲಹೆಗಾರ: ವಿಮೆಯಲ್ಲಿ ಹಾಗಲ್ಲ. 2015ರಿಂದ ತಂದೆತಾಯಿ, ಗಂಡ, ಮಕ್ಕಳು ನಾಮಿನಿಯಾದರೆ ಹಣ ಅವರದೇ.

ಕಲಬುರಗಿ_ವಕೀಲೆ: ನಾನು ಬರೆದದ್ದು ಬ್ಯಾಂಕಿನ ಬಗ್ಗೆ.

ಆಳಂದದ_ಹಿರಿಯ: ಬದುಕಿರುವ ಸೊಸೆಯ ಪಗಾರದ ಮಾತು ಉಯಿಲಿಗೆ ಬಂತು ನೋಡಿ. ನನ್ನ ಸೊಸೆಯೂ ಕಾರ್ಡು ತನ್ನಲ್ಲೇ ಇಟ್ಟುಕೊಂಡಿದ್ದಾಳೆ, ಆದರೆ ಆಕೆ ಪತ್ರ ಬರೆಯಲಿಲ್ಲ.

ಬೀದರ್_ಮನೆ: ಹಾಗಿದ್ದರೆ ನಿಮ್ಮ ತಕರಾರು ಕಾರ್ಡಿನದಲ್ಲ, ಕಾಗದದ್ದು.

ಸೇಡಂ_ಶಿಕ್ಷಕಿ: ಕಾಯ್ದೆಯ ಮಾತು ಸೇರಿಸುವುದಿಲ್ಲ. ಹಣವನ್ನು ಮಾವನವರ ಖಾತೆಗೇ ಕಳುಹಿಸುತ್ತೇನೆ ಎಂದು ತಿದ್ದಿದ್ದೇನೆ. ಆದರೆ ಅವರಿಗೆ ಖಾತೆಯಿದ್ದರೂ ಪಾಸ್‌ಬುಕ್ ಇರುವುದು ಅತ್ತೆಯ ಕಪಾಟಿನಲ್ಲಿ.